ಸಾವಿರ ಕಣ ಎಣಿಸುವ ಮಾಚಮ್ಮ

ಮಾಚಮ್ಮನವರನ್ನು ನಾನು ಮೊದಲು ನೋಡಿದ್ದು ೨೦೦೭ರ ಜನವರಿಯಲ್ಲಿ, ದೆಹಲಿಯ ರೋಹಿಣಿ ಬಡಾವಣೆಯ ಒಂದು ಸಣ್ಣ ರಕ್ತ ಪರೀಕ್ಷಾ ಲ್ಯಾಬಿನಲ್ಲಿ. ಕೆಳಗೆ ಔಷಧಿ ಅಂಗಡಿ, ಮೇಲೆ ಎರಡು ಕೋಣೆ. ಸ್ವೆಟರಿನ ಮೇಲೆ ಬಿಳಿ ಕೋಟು ಹಾಕಿಕೊಂಡಿದ್ದ, ಐವತ್ತು ದಾಟಿದ ಎತ್ತರದ ಹೆಂಗಸು ನನ್ನ ಅಕ್ಕ ಲೋಲಾಕ್ಷಿಯ ತೋಳಿಗೆ ರಬ್ಬರ್ ಪಟ್ಟಿ ಕಟ್ಟುತ್ತಿದ್ದರು. ನಾನೂ ಅಕ್ಕನೂ ತುಳುವಿನಲ್ಲಿ ಏನೋ ಮಾತಾಡಿಕೊಳ್ಳುತ್ತಿದ್ದುದನ್ನು ಕೇಳಿ ಅವರು ಸೂಜಿ ಚುಚ್ಚುವ ಮೊದಲು ತಲೆ ಎತ್ತಿದರು.

"ಉಡುಪಿ ಕಡೆಯವರಾ? ನಾನು ವಿರಾಜಪೇಟೆಯವಳು. ತುಳು ಬರೋದಿಲ್ಲ, ಕನ್ನಡದಲ್ಲಿ ಮಾತಾಡಿ," ಎಂದರು.

ಅಲ್ಲಿಗೆ ಬರುವ ಹೊತ್ತಿಗೆ ಅಕ್ಕ ಬಹಳ ಸೋತಿದ್ದಳು. ಭಾವ ರತ್ನಾಕರ ಮತ್ತು ಅವಳು ಸೆಕ್ಟರ್ ಎಂಟರಲ್ಲಿ ಇಡ್ಲಿ ದೋಸೆಯ ರೆಸ್ಟೋರೆಂಟ್ ನಡೆಸುತ್ತಾರೆ. ಇಪ್ಪತ್ತು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆಮನೆ ನೋಡಿಕೊಂಡವಳು. ಆ ಚಳಿಗಾಲದಲ್ಲಿ ಮನೆಯ ಮೆಟ್ಟಿಲು ಹತ್ತಲು ನಡುವೆ ಎರಡು ಸಲ ನಿಲ್ಲುತ್ತಿದ್ದಳು. ನಾಲಿಗೆ ನುಣ್ಣಗಾಗಿ ಉರಿಯುತ್ತಿತ್ತು. ಪಾದಗಳಿಗೆ ಜೋಮು ಹಿಡಿದಂತೆ ಇರುತ್ತದೆ ಎನ್ನುತ್ತಿದ್ದಳು. ಅಲ್ಲಿಯ ಡಾಕ್ಟರ್ ಚಂದ್ರಮೋಹನ ಗುಲಾಟಿ ಬೇರೊಂದು ಕಡೆ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಆರು ಚಿಲ್ಲರೆ ಎಂದು ಬಂತು. ಬಿಳಿ ರಕ್ತಕಣ, ಪ್ಲೇಟ್ಲೆಟ್ ಎರಡೂ ಸ್ವಲ್ಪ ಕಡಿಮೆ. ಕೆಂಪು ಕಣಗಳ ಗಾತ್ರದ ಮುಂದೆ ಯಂತ್ರ ಎಂಬತ್ತೇಳು ಎಂದು ಅಚ್ಚು ಹಾಕಿತ್ತು. ಎಂಬತ್ತರಿಂದ ನೂರರ ತನಕ ಸಹಜ. ಕಣದ ಗಾತ್ರ ಸರಿ ಇದ್ದು ರಕ್ತ ಇಷ್ಟು ಇಳಿದಿದೆ, ಮೂರೂ ಬಗೆಯ ಕಣ ಕಡಿಮೆ ಇವೆ ಎಂದರೆ ತೊಂದರೆ ಮೂಳೆಯ ಮಜ್ಜೆಯಲ್ಲೇ ಇರಬಹುದು ಎಂದು ಡಾಕ್ಟರು ಯೋಚಿಸಿದರು. ದೊಡ್ಡ ಆಸ್ಪತ್ರೆಯಲ್ಲಿ ಮಜ್ಜೆ ತೆಗೆದು ನೋಡಲು ದಿನ ಗೊತ್ತು ಮಾಡಿದರು. ಅದಕ್ಕೆ ಮೊದಲು ಇನ್ನೊಂದು ಸಲ ರಕ್ತ ನೋಡೋಣ ಎಂದು ಈ ಲ್ಯಾಬಿಗೆ ಚೀಟಿ ಬರೆದರು.

ಮಜ್ಜೆ ಎಂಬ ಮಾತು ಕೇಳಿದ ದಿನದಿಂದ ಭಾವ ಗಲ್ಲಾದ ಹಿಂದೆ ಕೂತು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಮನೆಯಲ್ಲಿ ಕ್ಯಾನ್ಸರ್ ಎಂಬ ಪದವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರೂ ಅದನ್ನೇ ಯೋಚಿಸುತ್ತಿದ್ದೆವು. ನಾನು ಲೋಧಿ ಕಾಲೋನಿಯಿಂದ ಆಫೀಸಿಗೆ ರಜೆ ಹಾಕಿ, ಕೇಂದ್ರ ಸಚಿವಾಲಯದಲ್ಲಿ ಮೆಟ್ರೋ ಹತ್ತಿ, ಕಾಶ್ಮೀರಿ ಗೇಟಿನಲ್ಲಿ ಇನ್ನೊಂದಕ್ಕೆ ಬದಲಾಯಿಸಿ ರೋಹಿಣಿಗೆ ಬರಲು ಶುರು ಮಾಡಿದ್ದು ಆಗ.

ಮಾಚಮ್ಮ ರಕ್ತ ತೆಗೆದುಕೊಂಡು ಡಾಕ್ಟರ ಚೀಟಿ ನೋಡಿದರು. ಅದರಲ್ಲಿ ಹಿಮೋಗ್ಲೋಬಿನ್ ಮತ್ತು ಕಣಗಳ ಎಣಿಕೆ ಮಾತ್ರ ಬರೆದಿತ್ತು. ಅವರು ಲ್ಯಾಬಿನ ಒಡತಿ ಡಾಕ್ಟರ್ ಮನೋರಮಾ ಅವರಿಗೆ ಫೋನ್ ಮಾಡಿ, ರೆಟಿಕ್ ಎಣಿಸಲೇ, ದುಡ್ಡು ಬೇಡ, ಎಂದು ಕೇಳಿದರು. ಒಪ್ಪಿಗೆ ಸಿಕ್ಕಿತು. ಅಕ್ಕನನ್ನು ಭಾವ ಮನೆಗೆ ಕರೆದುಕೊಂಡು ಹೋದರು. ವರದಿ ಒಯ್ಯಲು ನಾನು ಅಲ್ಲೇ ಕೂತೆ.

ನನಗೆ ಏನೂ ತಿಳಿಯದು ಎಂದು ಗೊತ್ತಿದ್ದೂ ಅವರು ಕೆಲಸ ಮಾಡುತ್ತ ಹೇಳುತ್ತಾ ಹೋದರು. ನಾಲ್ಕು ಹನಿ ರಕ್ತಕ್ಕೆ ನಾಲ್ಕು ಹನಿ ನೀಲಿ ಬಣ್ಣ ಬೆರೆಸಿ ಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ಇಡಬೇಕು. ಮಜ್ಜೆಯಿಂದ ಈಗಷ್ಟೇ ಹೊರಬಂದ ಎಳೆಯ ಕೆಂಪು ಕಣದೊಳಗೆ ಆಗ ನೀಲಿ ಬಲೆಯ ಹಾಗೆ ಒಂದು ಗೆರೆ ಮೂಡುತ್ತದೆ. ಹಳೆಯ ಕಣದಲ್ಲಿ ಮೂಡುವುದಿಲ್ಲ. ಸಾವಿರ ಕಣ ಎಣಿಸಿ, ಅದರಲ್ಲಿ ಬಲೆ ಇರುವುದು ಎಷ್ಟು ಎಂದು ನೋಡಬೇಕು. ಅದೇ ರೆಟಿಕ್.

"ರಕ್ತ ಕಮ್ಮಿ ಇದೆ ಅಂದ ಕೂಡಲೇ ನಾನು ಮೊದಲು ಕೇಳೋದು ಒಂದೇ. ಮಜ್ಜೆ ಹೊಸ ಕಣ ಕಳಿಸ್ತಾ ಇದೆಯೋ ಇಲ್ಲವೋ," ಎಂದರು. "ಬೇಕಾದಷ್ಟು ಕಳಿಸ್ತಾ ಇದ್ದರೆ ಕಾರ್ಖಾನೆ ಸರಿ ಇದೆ, ರಕ್ತ ಬೇರೆಲ್ಲೋ ಸೋರಿ ಹೋಗ್ತಿದೆ ಅಥವಾ ಒಡೀತಿದೆ. ಕಳಿಸ್ತಾ ಇಲ್ಲ ಅಂದರೆ ತಯಾರಿಯಲ್ಲೇ ತೊಂದರೆ. ಆಮೇಲೆ ಗಾತ್ರ ನೋಡೋದು."

ಗಾತ್ರ ಸಣ್ಣದಾದರೆ ಮೊದಲು ಕಬ್ಬಿಣದ ಕೊರತೆ, ಇಲ್ಲವೇ ಹುಟ್ಟಿನಿಂದ ಬಂದ ಥಲಸ್ಸೀಮಿಯಾ ನೆನೆಯಬೇಕು. ದೊಡ್ಡದಾದರೆ ಬಿ-ಹನ್ನೆರಡು, ಫೋಲಿಕ್ ಆಸಿಡ್, ಕುಡಿತ. ನಡುವಿನದಾದರೆ ಮೂತ್ರಪಿಂಡ, ಬಹುಕಾಲದ ಬೇನೆ, ಮಜ್ಜೆಯದೇ ರೋಗ. ಇದನ್ನೆಲ್ಲ ಅವರು ಯಾವ ಗಡಿಬಿಡಿಯೂ ಇಲ್ಲದೆ ಹೇಳಿದರು.

ಹದಿನೈದು ನಿಮಿಷ ಕಾಯುವಾಗಲೇ ಅವರು ತಮ್ಮ ಕಥೆಯನ್ನೂ ಹೇಳಿದರು. ಗಂಡ ಪೆಮ್ಮಯ್ಯ ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿ ಹವಾಲ್ದಾರರಾಗಿದ್ದವರು. ಜಬಲ್ಪುರದಲ್ಲಿದ್ದಾಗ, ಮಗಳು ಜೀವಿತಾ ಶಾಲೆಗೆ ಸೇರಿದ ಮೇಲೆ, ಇವರು ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಓದಿದರು. ಆಮೇಲೆ ಗಂಡನಿಗೆ ಅಂಬಾಲಾಕ್ಕೆ ವರ್ಗವಾದಾಗ ಅಲ್ಲಿಯ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ೧೯೮೮ರಲ್ಲಿ ಅಲ್ಲಿ ಒಬ್ಬ ಮಧ್ಯವಯಸ್ಸಿನ ಲಾರಿ ಚಾಲಕನ ರಕ್ತ ಬಂತು. ಹಿಮೋಗ್ಲೋಬಿನ್ ಐದು. ಇವರು ಎಣಿಸಿ ರೆಟಿಕ್ ಶೇಕಡಾ ನಾಲ್ಕು ಎಂದು ಬರೆದರು. ಸಹಜ ಎಂದರೆ ಎರಡರೊಳಗೆ, ನಾಲ್ಕು ಹೆಚ್ಚು ಎಂದು ಕಾಗದದ ಮೇಲೆ ಗುರುತೂ ಹಾಕಿದರು. ಅಲ್ಲಿಯ ವೈದ್ಯರು, ಮಜ್ಜೆ ಚೆನ್ನಾಗಿದೆ, ರಕ್ತ ಎಲ್ಲೋ ಒಡೆಯುತ್ತಿದೆ ಎಂದುಕೊಂಡು ಎರಡು ವಾರ ಅದನ್ನೇ ಹುಡುಕಿದರು.

"ಆ ನಾಲ್ಕು ಸುಳ್ಳು ನಾಲ್ಕು," ಎಂದರು ಮಾಚಮ್ಮ. "ಹಳೆಯ ಕಣಗಳೇ ಕಮ್ಮಿ ಆದಾಗ ಹೊಸದರ ಪಾಲು ಸುಮ್ಮನೆ ದೊಡ್ಡದಾಗಿ ಕಾಣುತ್ತೆ. ರಕ್ತ ಮೂರರಲ್ಲಿ ಒಂದು ಪಾಲು ಉಳಿದಿತ್ತು, ಅಂದರೆ ನಾಲ್ಕು ಒಂದೂ ಕಾಲಿಗೆ ಬರಬೇಕಿತ್ತು. ಅದೂ ಅಲ್ಲದೆ ರಕ್ತ ತೀರಾ ಇಳಿದಾಗ ಮಜ್ಜೆ ಎಳೆ ಕಣಗಳನ್ನ ಹಸಿಯಾಗಿಯೇ ಬಿಟ್ಟುಬಿಡುತ್ತೆ, ಅವು ಹೆಚ್ಚು ದಿನ ಎಣಿಕೆಗೆ ಸಿಗ್ತಾವೆ. ಅದನ್ನೂ ಭಾಗಿಸಿದರೆ ಅರ್ಧ. ಆ ಮನುಷ್ಯನ ಮಜ್ಜೆ ಕೆಲಸ ನಿಲ್ಲಿಸಿತ್ತು."

ಚಾಲಕನನ್ನು ಚಂಡೀಗಢಕ್ಕೆ ಕಳಿಸಿದರಂತೆ. ಆಮೇಲೆ ಏನಾಯಿತು ಎಂದು ಇವರಿಗೆ ಎಂದೂ ತಿಳಿಯಲಿಲ್ಲ. ಯಾರೂ ಇವರನ್ನು ಬೈಯಲಿಲ್ಲ. ಲೆಕ್ಕ ತಿದ್ದುವುದು ವೈದ್ಯರ ಕೆಲಸ ಎಂದೇ ಎಲ್ಲರೂ ಹೇಳಿದರು. ಆದರೆ ಆ ಕಾಗದದ ಮೇಲಿನ ಗುರುತು ನನ್ನ ಕೈಯದ್ದು ಎಂದು ಅವರು ಹೇಳಿದಾಗ, ಹತ್ತೊಂಬತ್ತು ವರ್ಷದ ನಂತರವೂ ಅವರ ದನಿ ತಗ್ಗಿತು. ಅಂದಿನಿಂದ ಅವರು ಬರೆಯುವ ಪ್ರತಿ ರೆಟಿಕ್ ವರದಿಯಲ್ಲಿ ಎರಡು ಸಂಖ್ಯೆ ಇರುತ್ತವೆ, ಎಣಿಸಿದ್ದು ಒಂದು, ರಕ್ತದ ಮಟ್ಟಕ್ಕೆ ತಿದ್ದಿದ್ದು ಒಂದು.

ಹದಿನೈದು ನಿಮಿಷ ಆಯಿತು. ಅವರು ಗಾಜಿನ ಮೇಲೆ ಹನಿ ಎಳೆದು ಮೈಕ್ರೋಸ್ಕೋಪಿನ ಮುಂದೆ ಕೂತರು. ಎಡಗೈಯಲ್ಲಿ ಎಣಿಕೆಯ ಗುಂಡಿ ಒತ್ತುವ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿಲ್ಲ. ನಡುವೆ ಯಾರೋ ಬಂದು ಕರೆದರೂ ಅವರು ತಲೆ ಎತ್ತಲಿಲ್ಲ. ಸಾವಿರಕ್ಕೆ ಹತ್ತು ಸಿಕ್ಕಿದವು. ಶೇಕಡಾ ಒಂದು. ತಿದ್ದಿದರೆ ಶೇಕಡಾ ಕಾಲು ಕೂಡ ಇಲ್ಲ. ಮಜ್ಜೆ ಕಣ ಕಳಿಸುತ್ತಿಲ್ಲ.

ಡಾಕ್ಟರ್ ಗುಲಾಟಿ ಹೇಳಿದ್ದು ನಿಜವಾಯಿತಲ್ಲ ಎಂದುಕೊಂಡೆ. ಮಾಚಮ್ಮ ಅಷ್ಟಕ್ಕೆ ನಿಲ್ಲಲಿಲ್ಲ. ಯಂತ್ರದ ಚೀಟಿಯಲ್ಲಿ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು. ಕಣಗಳ ಗಾತ್ರದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸ ಇದೆ ಎಂದು ತೋರಿಸುವ ಸಾಲು ಅದು. ಹದಿನಾಲ್ಕರ ಆಸುಪಾಸು ಇರಬೇಕಾದ್ದು ಇಪ್ಪತ್ತಾರು ಇತ್ತು. ಅವರು ಬೇರೆ ಬಣ್ಣ ಹಾಕಿದ ಇನ್ನೊಂದು ಗಾಜನ್ನು ಮೈಕ್ರೋಸ್ಕೋಪಿಗೆ ಏರಿಸಿ ಬಹಳ ಹೊತ್ತು ನೋಡಿದರು. ಕೊನೆಗೆ ಕುರ್ಚಿ ಹಿಂದೆ ಸರಿಸಿ, ನೀವೇ ನೋಡಿ ಎಂದರು.

ನನಗೆ ಕಂಡದ್ದು ಇಷ್ಟು. ಕೆಲವು ಕಣ ದೊಡ್ಡದಾಗಿ ಮೊಟ್ಟೆಯ ಆಕಾರದಲ್ಲಿದ್ದವು. ಅವುಗಳ ನಡುವೆ ಸಣ್ಣವು, ಮಧ್ಯ ಬಿಳಿಚಿಕೊಂಡು ಬರೀ ಅಂಚು ಮಾತ್ರ ಕೆಂಪಾಗಿ ಉಳಿದವು.

"ಒಂದು ಮನೆಯಲ್ಲಿ ಒಬ್ಬ ಆರಡಿ, ಇನ್ನೊಬ್ಬ ನಾಲ್ಕಡಿ. ಸರಾಸರಿ ಐದಡಿ ಅಂತ ಯಂತ್ರ ಬರೀತು. ಐದಡಿ ಮನುಷ್ಯ ಆ ಮನೆಯಲ್ಲಿ ಇಲ್ಲವೇ ಇಲ್ಲ," ಎಂದರು. ಬಿಳಿ ಕಣವೊಂದನ್ನೂ ತೋರಿಸಿದರು. ಅದರ ನಡುವಿನ ಬೀಜ ಮೂರು ನಾಲ್ಕು ಭಾಗವಾಗಿರಬೇಕಾದ್ದು ಆರು ಭಾಗವಾಗಿತ್ತು. ಅದು ಬಿ-ಹನ್ನೆರಡು ಅಥವಾ ಫೋಲಿಕ್ ಆಸಿಡ್ ಕೊರತೆಯ ಗುರುತು. ದೊಡ್ಡ ಕಣ ಅದರಿಂದ. ಸಣ್ಣದು ಹೆಚ್ಚಾಗಿ ಕಬ್ಬಿಣದಿಂದ. ಎರಡೂ ಒಟ್ಟಿಗೆ ಬಂದಿದ್ದರಿಂದ ಸರಾಸರಿ ನಡುವೆ ನಿಂತಿದೆ ಎಂಬುದು ಅವರ ಅಂದಾಜು. ಆದರೆ ರೋಗದ ಹೆಸರು ಹೇಳುವುದು ನನ್ನ ಕೆಲಸವಲ್ಲ ಎಂದು ಗಾಜನ್ನು ಜೋಪಾನವಾಗಿ ಎತ್ತಿಟ್ಟರು. ಮಧ್ಯಾಹ್ನ ಡಾಕ್ಟರ್ ಮನೋರಮಾ ಬಂದು ನೋಡಿ ಅದನ್ನೇ ಹೇಳಿದರು. ತಾವೇ ಡಾಕ್ಟರ್ ಗುಲಾಟಿಗೆ ಫೋನ್ ಮಾಡಿದರು.

ಡಾಕ್ಟರ್ ಗುಲಾಟಿಯವರ ಬಗ್ಗೆಯೂ ಒಂದು ಮಾತು ಹೇಳಬೇಕು. ಫೋನಿನಲ್ಲಿ ವಾದ ಮಾಡದೆ ಅವರು ಸಂಜೆಯ ಕ್ಲಿನಿಕ್ ಶುರುವಾಗುವ ಮೊದಲು ಕಾರು ಹತ್ತಿ ಲ್ಯಾಬಿಗೇ ಬಂದರು. ಹತ್ತು ನಿಮಿಷ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಮಜ್ಜೆಯ ಪರೀಕ್ಷೆಯನ್ನು ಮುಂದಕ್ಕೆ ಹಾಕೋಣ ಎಂದು ಹಿಂದಿಯಲ್ಲಿ ನನಗೆ ಹೇಳಿ, ಬಿ-ಹನ್ನೆರಡು, ಫೋಲಿಕ್ ಆಸಿಡ್, ಕಬ್ಬಿಣದ ದಾಸ್ತಾನು ಮೂರಕ್ಕೂ ಚೀಟಿ ಬರೆದರು.

ಎರಡು ದಿನದಲ್ಲಿ ಉತ್ತರ ಬಂತು. ಬಿ-ಹನ್ನೆರಡು ತೀರಾ ಕಡಿಮೆ. ಫೋಲಿಕ್ ಆಸಿಡ್ ಸರಿ ಇತ್ತು. ಕಬ್ಬಿಣದ ದಾಸ್ತಾನು ಕೂಡ ಸಹಜ ಎಂದೇ ಬಂದಿತ್ತು. ಹಾಗಾಗಿ ಡಾಕ್ಟರು ಬಿ-ಹನ್ನೆರಡರ ಇಂಜೆಕ್ಷನ್ ಶುರು ಮಾಡಿ ಕಬ್ಬಿಣ ಬೇಡ ಎಂದರು. ಅಕ್ಕ ಹುಟ್ಟಾ ಸಸ್ಯಾಹಾರಿ, ಹಾಲು ಮೊಸರೂ ಸೇರದವಳು. ಕಾರಣ ಸಿಕ್ಕಿತು ಎಂದು ಎಲ್ಲರಿಗೂ ನೆಮ್ಮದಿಯಾಯಿತು. ಮಾಚಮ್ಮ ಮಾತ್ರ, ಸಣ್ಣ ಕಣಗಳು ಎಲ್ಲಿಂದ ಬಂದವು ಎಂದು ಒಂದೇ ಸಲ ಕೇಳಿ ಸುಮ್ಮನಾದರು. ಅದೇ ದಿನ ಅಕ್ಕನ ಹತ್ತಿರ ತಿಂಗಳ ಮುಟ್ಟು ಹೇಗಿದೆ ಎಂದು ವಿಚಾರಿಸಿದ್ದರಂತೆ. ಅಕ್ಕ ಎಲ್ಲ ಸರಿ ಇದೆ ಎಂದಿದ್ದಳು. ಭಾವ ಪಕ್ಕದಲ್ಲೇ ನಿಂತಿದ್ದರು.

ಇಂಜೆಕ್ಷನ್ನಿನ ನಂತರದ ದಿನಗಳನ್ನು ನಾನು ಮರೆಯಲಾರೆ. ಮಜ್ಜೆಗೆ ಬೇಕಾದ್ದು ಸಿಕ್ಕಿದ್ದೇ ಆದರೆ ಮೂರನೆಯ ದಿನದಿಂದ ಎಳೆಯ ಕಣ ಏರಲು ಶುರುವಾಗಬೇಕು, ಆರೇಳನೆಯ ದಿನ ತುದಿ ಮುಟ್ಟಬೇಕು, ಹಿಮೋಗ್ಲೋಬಿನ್ ಏರುವುದು ಅದರ ಹಿಂದೆ ಎಂದು ಮಾಚಮ್ಮ ಮೊದಲೇ ಹೇಳಿದ್ದರು. ಮೂರನೆಯ ದಿನ ಎರಡೂವರೆ. ಆರನೆಯ ದಿನ ಬೆಳಿಗ್ಗೆ ದಟ್ಟ ಮಂಜು, ರಿಕ್ಷಾದವನಿಗೆ ಎದುರಿನ ರಸ್ತೆಯೇ ಕಾಣುತ್ತಿರಲಿಲ್ಲ. ಲ್ಯಾಬಿನಲ್ಲಿ ಭಾವ ಸ್ಟೂಲಿನ ತುದಿಯಲ್ಲಿ ಕೂತು ಆ ಗುಂಡಿಯ ಸದ್ದನ್ನೇ ಕೇಳುತ್ತಿದ್ದರು. ಮಾಚಮ್ಮ ಎಣಿಸಿ ಮುಗಿಸಿ ಏಳು ಎಂದರು. ಭಾವ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಆದರೆ ಮಾಚಮ್ಮನ ಮುಖದಲ್ಲಿ ಪೂರ್ತಿ ಸಮಾಧಾನ ಇರಲಿಲ್ಲ. ಇಷ್ಟು ಇಳಿದ ರಕ್ತಕ್ಕೆ ಏಳು ಕಡಿಮೆ, ಇನ್ನೂ ಮೇಲೆ ಹೋಗಬೇಕಿತ್ತು ಎಂದು ಆಮೇಲೆ ನನಗೊಬ್ಬಳಿಗೇ ಹೇಳಿದರು.

ಅಕ್ಕನ ನಾಲಿಗೆಯ ಉರಿ ಹೋಯಿತು. ಪಾದದ ಜೋಮು ಮೆಲ್ಲಗೆ ಇಳಿಯಿತು. ಬಿಳಿ ಕಣ, ಪ್ಲೇಟ್ಲೆಟ್ ಸರಿಯಾದವು. ಹಿಮೋಗ್ಲೋಬಿನ್ ಎಂಟಕ್ಕೆ ಬಂತು. ಅಲ್ಲೇ ನಿಂತಿತು. ಆರು ವಾರವಾದರೂ ಎಂಟು ದಾಟಲಿಲ್ಲ. ರೆಟಿಕ್ ಮತ್ತೆ ಒಂದಕ್ಕೆ ಇಳಿಯಿತು. ಮೊದಲು ಎಂಬತ್ತೇಳಿದ್ದ ಗಾತ್ರ ಈಗ ಎಪ್ಪತ್ತಾರು. ದೊಡ್ಡ ಕಣಗಳು ಕಡಿಮೆಯಾಗಿ, ಹೊಸದಾಗಿ ಬರುತ್ತಿರುವುದೆಲ್ಲ ಸಣ್ಣವು, ಬಿಳಿಚಿದವು. ಮರೆಯಲ್ಲಿದ್ದ ಎರಡನೆಯ ಕೊರತೆ ಈಗ ಒಂಟಿಯಾಗಿ ಎದುರಿಗೆ ಬಂದಿತ್ತು.

ಮಾರ್ಚಿನ ಆ ಬೆಳಿಗ್ಗೆ ಭಾವನಿಗೆ ರೆಸ್ಟೋರೆಂಟಿನಲ್ಲಿ ಕೆಲಸವಿತ್ತು. ನಾನೂ ಅಕ್ಕನೂ ಮಾತ್ರ ಹೋಗಿದ್ದೆವು. ಮಾಚಮ್ಮ ಸೂಜಿ ತೆಗೆದು, ಹತ್ತಿ ಒತ್ತಿ ಹಿಡಿದು, ಬಾಗಿಲು ಮುಂದಕ್ಕೆ ಎಳೆದು ಅಕ್ಕನ ಪಕ್ಕದಲ್ಲೇ ಕೂತರು. ಅಕ್ಕಿ, ಐಸು, ಮಣ್ಣು, ಇಂಥದ್ದೇನಾದರೂ ತಿನ್ನಬೇಕು ಅನ್ನಿಸುತ್ತದೆಯೇ ಎಂದು ಕೇಳಿದರು. ಅಕ್ಕ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. ಉಗ್ರಾಣಕ್ಕೆ ಹೋದಾಗಲೆಲ್ಲ ಒಂದು ಹಿಡಿ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುತ್ತೇನೆ, ವರ್ಷದ ಮೇಲಾಯಿತು, ಎಂದಳು. ನನಗೆ ಇದು ಗೊತ್ತೇ ಇರಲಿಲ್ಲ.

"ಲೋಲಾಕ್ಷಿ, ನಾನೂ ಹೆಂಗಸು," ಎಂದರು ಮಾಚಮ್ಮ. "ನಿಮ್ಮ ರಕ್ತ ಎಲ್ಲಿಗೋ ಹೋಗ್ತಿದೆ. ಎಲ್ಲಿಗೆ ಅಂತ ನೀವು ಹೇಳಿದರೆ ಮಾತ್ರ ನಮಗೆ ಗೊತ್ತಾಗೋದು."

ಅಕ್ಕ ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಹೇಳಿದಳು. "ತಿಂಗಳಲ್ಲಿ ಹನ್ನೊಂದು ದಿನ ಹೋಗ್ತದೆ ಅಕ್ಕಾ. ಎರಡು ವರ್ಷ ಆಯ್ತು. ನಿಲ್ಲುವ ವಯಸ್ಸು, ಹಾಗೇ ಇರ್ತದೆ ಅಂತ ಅಂದುಕೊಂಡೆ. ಆ ಡಾಕ್ಟರ ಹತ್ತಿರ, ಅದೂ ಹಿಂದಿಯಲ್ಲಿ, ಇದನ್ನೆಲ್ಲ ಹೇಗೆ ಹೇಳೋದು?"

ಅಕ್ಕ ಅತ್ತಳು. ಮಾಚಮ್ಮ ಹತ್ತಿ ಒತ್ತಿದ ಕೈಯನ್ನು ತೆಗೆಯದೆ ಹಾಗೇ ಕೂತಿದ್ದರು. ಇದನ್ನು ಡಾಕ್ಟರಿಗೆ ನಾನೇ ತಿಳಿಸಲೇ ಎಂದು ಕೇಳಿ, ಅವಳು ಹೂಂ ಎಂದ ಮೇಲೆಯೇ ಎದ್ದರು.

ಕಬ್ಬಿಣದ ದಾಸ್ತಾನನ್ನು ಮತ್ತೆ ನೋಡಿದಾಗ ಅದು ಸಹಜಕ್ಕಿಂತ ಎಷ್ಟೋ ಕೆಳಗೆ, ಏಳಕ್ಕೆ ಇಳಿದಿತ್ತು. ಮೊದಲು ಸಹಜ ಎಂದು ಬಂದಿದ್ದೇಕೆ ಎಂದು ನಾನು ಕೇಳಿದೆ. ಬಿ-ಹನ್ನೆರಡು ಇಲ್ಲದೆ ಮಜ್ಜೆ ಕೆಲಸ ನಿಲ್ಲಿಸಿದ್ದಾಗ ಇದ್ದ ಚೂರುಪಾರು ಕಬ್ಬಿಣ ಖರ್ಚಾಗದೆ ಉಳಿದಿತ್ತು, ಹಾಗಾಗಿ ಸಾಕಷ್ಟು ಇದ್ದ ಹಾಗೆ ಕಂಡಿತು. ಕೆಲಸ ಶುರುವಾದ ಮೇಲೆ ಎಲ್ಲ ಮುಗಿದುಹೋಯಿತು ಎಂದು ಡಾಕ್ಟರ್ ಮನೋರಮಾ ತಿಳಿಸಿದರು. ಸ್ತ್ರೀರೋಗ ತಜ್ಞೆಯ ಹತ್ತಿರ ಹೋದೆವು. ಗರ್ಭಕೋಶದಲ್ಲಿ ಗಡ್ಡೆ, ಕ್ಯಾನ್ಸರಿನದ್ದಲ್ಲ. ಕಬ್ಬಿಣ ಶುರುವಾಯಿತು. ಎಂಟನೆಯ ದಿನ ಮಾಚಮ್ಮ ಲೋಧಿ ಕಾಲೋನಿಯ ನನ್ನ ಮನೆಗೆ ಫೋನ್ ಮಾಡಿದರು. ರೆಟಿಕ್ ಐದು, ಈ ಸಲ ನಿಲ್ಲೋದಿಲ್ಲ ಎಂದರು. ಮೇ ತಿಂಗಳಲ್ಲಿ ಹಿಮೋಗ್ಲೋಬಿನ್ ಹತ್ತೂವರೆ ದಾಟಿದ ಮೇಲೆ ಶಸ್ತ್ರಚಿಕಿತ್ಸೆಯಾಯಿತು. ಮಳೆಗಾಲದ ಕೊನೆಗೆ ಹನ್ನೆರಡು. ಅಕ್ಕ ಅಡುಗೆಮನೆಗೆ ಮರಳಿದಳು. ತಿಂಗಳಿಗೊಂದು ಬಿ-ಹನ್ನೆರಡರ ಇಂಜೆಕ್ಷನ್ ಮಾತ್ರ ಉಳಿಯಿತು.

ಡಾಕ್ಟರ್ ಗುಲಾಟಿ ಆಮೇಲಿನಿಂದ ರಕ್ತ ಕಡಿಮೆ ಇರುವ ಪ್ರತಿಯೊಬ್ಬರ ಚೀಟಿಯಲ್ಲೂ ರೆಟಿಕ್ ಎಂದು ಬರೆಯತೊಡಗಿದರು ಎಂದು ಕೇಳಿದ್ದೇನೆ. ಮಾಚಮ್ಮ ಇದರ ಬಗ್ಗೆ ಎಂದೂ ಹೆಮ್ಮೆಯಿಂದ ಮಾತಾಡಿದ್ದಿಲ್ಲ. ಅವರಿಗೆ ಕೆಲಸ ಹೆಚ್ಚಾಯಿತು ಎಂದು ಪೆಮ್ಮಯ್ಯನವರು ನಗುತ್ತಿದ್ದರು. ನಾವು ಎರಡು ಮನೆಯವರು ಆಗೀಗ ಭಾನುವಾರ ಸೇರುತ್ತಿದ್ದೆವು. ಅವರ ಫ್ಲಾಟಿನಲ್ಲಿ ಅಕ್ಕನಿಗಾಗಿ ಬೇರೆ ಪಾತ್ರೆಯಲ್ಲಿ ಅಕ್ಕಿ ತರಿಯ ಉಂಡೆ, ಕಡಂಬುಟ್ಟು ಮಾಡಿಡುತ್ತಿದ್ದರು. ಅವರ ಮನೆಯ ಹಂದಿಯ ಸಾರಿನ ವಾಸನೆ ತಾಳದೆ ಅಕ್ಕ ಕಿಟಕಿ ಪಕ್ಕ ಕೂರುತ್ತಿದ್ದಳು, ಆದರೆ ಹೋಗುವುದನ್ನು ತಪ್ಪಿಸುತ್ತಿರಲಿಲ್ಲ.

ಈ ವರ್ಷ, ೨೦೦೯ರಲ್ಲಿ, ಮಾಚಮ್ಮನ ಎಡಗಣ್ಣಿಗೆ ಪೊರೆ ಬರತೊಡಗಿತು. ಯಾರಿಗೂ ಗೊತ್ತಾಗಿರಲಿಲ್ಲ. ಅವರೇ ಪ್ರತಿ ವಾರ ಒಂದೊಂದು ಗಾಜನ್ನು ಡಾಕ್ಟರ್ ಮನೋರಮಾ ಅವರಿಂದಲೂ ಎಣಿಕೆ ಮಾಡಿಸಿ ತಮ್ಮ ಸಂಖ್ಯೆಯ ಜೊತೆ ಹೋಲಿಸಿ ನೋಡುತ್ತಿದ್ದರು. ಒಂದು ತಿಂಗಳಲ್ಲಿ ಮೂರು ಸಲ ಇವರ ಎಣಿಕೆ ಕಡಿಮೆ ಬಂತು. ಮೂರನೆಯ ಸಲದ ಮರುದಿನ ಅವರು ಮೈಕ್ರೋಸ್ಕೋಪಿನ ಕೆಲಸ ಬೇರೆಯವರಿಗೆ ಕೊಡಿ ಎಂದು ಕೇಳಿಕೊಂಡರು. ಪೊರೆ ತೆಗೆಸಿದರೆ ಸರಿಹೋಗುತ್ತದೆ, ಅಲ್ಲಿಯ ತನಕ ಹೇಗೋ ನಡೆಯುತ್ತದೆ ಎಂದು ಡಾಕ್ಟರ್ ಮನೋರಮಾ ಹೇಳಿದರೂ ಒಪ್ಪಲಿಲ್ಲ. ಆ ತಿಂಗಳಲ್ಲಿ ತಾವು ಕೊಟ್ಟ ಹದಿನೇಳು ರೆಟಿಕ್ ವರದಿಗಳ ಪಟ್ಟಿ ಮಾಡಿ, ಗಾಜುಗಳನ್ನು ಪೆಟ್ಟಿಗೆಯಿಂದ ಹುಡುಕಿ ತೆಗೆದು, ಒಂದೊಂದನ್ನೂ ಮತ್ತೆ ಎಣಿಸಿದರು, ಈ ಸಲ ಪ್ರತಿ ಎಣಿಕೆಯನ್ನೂ ಪಕ್ಕದಲ್ಲಿ ಕೂತ ಡಾಕ್ಟರಿಂದ ಸರಿನೋಡಿಸಿಕೊಂಡು. ಎರಡು ವರದಿ ಬದಲಾಯಿಸಬೇಕಾಗಿ ಬಂತು. ಆ ಎರಡು ಮನೆಗೂ ಮಾಚಮ್ಮ ತಾವೇ ಹೋಗಿ ಹೊಸ ಕಾಗದ ಕೊಟ್ಟು ಬಂದರು.

ಈಗ ಅವರು ಬೆಳಿಗ್ಗೆ ಏಳರಿಂದ ಹತ್ತರ ತನಕ ರಕ್ತ ತೆಗೆಯುವ ಕೆಲಸ ಮಾತ್ರ ಮಾಡುತ್ತಾರೆ. ಡಿಸೆಂಬರಿನಲ್ಲಿ ಪೊರೆ ತೆಗೆಸುತ್ತಾರಂತೆ.